ಒಂದೇ ಸರಕು, ಬೇರೆ ಬೇರೆ ಬೆಲೆ: ಮೂರು ದರ್ಜೆಯ ಬೆಲೆ ತಾರತಮ್ಯದಲ್ಲಿ ನಿಮಗೆ ಹೊಂದುವುದು ಯಾವುದು?

ಫೋಟೋ ತಿದ್ದುವ ಒಂದು ಸಾಫ್ಟ್‌ವೇರ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಬೆಲೆ ಜಾಸ್ತಿ ಇಟ್ಟರೆ ವಿದ್ಯಾರ್ಥಿಗಳು ನೋಡಿ ಹಾಗೇ ಹೋಗುತ್ತಾರೆ. ಕಡಿಮೆ ಇಟ್ಟರೆ, ಎರಡು ಪಟ್ಟು ಕೊಡಲು ರೆಡಿ ಇದ್ದ ಸ್ಟುಡಿಯೋದವರೂ ಅದೇ ಬೆಲೆಗೆ ತಗೊಂಡು ಹೋಗುತ್ತಾರೆ. ಆಗ ತಲೆಗೆ ಬರುವ ದಾರಿಗಳು ಮೂರು. ಒಬ್ಬೊಬ್ಬರ ಹತ್ತಿರ ಮಾತಾಡಿ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳುವುದು. ಪೂರ್ತಿ ಆವೃತ್ತಿ, ಬೇಸಿಕ್ ಆವೃತ್ತಿ ಅಂತ ಎರಡನ್ನು ಮುಂದಿಟ್ಟು ಅವರೇ ಆರಿಸಿಕೊಳ್ಳಲಿ ಅನ್ನುವುದು. ಇಲ್ಲವೇ ವಿದ್ಯಾರ್ಥಿಗಳಿಗೆ ರಿಯಾಯಿತಿ ಅಂತ ಗುಂಪು ಮಾಡುವುದು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲಿ ಬೆಲೆ ತಾರತಮ್ಯವನ್ನು ಮೊದಲ, ಎರಡನೆಯ, ಮೂರನೆಯ ದರ್ಜೆ ಅಂತ ವಿಂಗಡಿಸಿದರು. ಈ ಮೂರು ದಾರಿಗಳನ್ನು ಇವತ್ತು ಇದೇ ಕ್ರಮದಲ್ಲಿ ಆ ಹೆಸರುಗಳಿಂದ ಕರೆಯುತ್ತಾರೆ. ದರ್ಜೆ ಅಂದ ಮಾತ್ರಕ್ಕೆ ಮೊದಲನೆಯದು ಮೇಲು, ಮೂರನೆಯದು ಕೀಳು ಅಂತಲ್ಲ. ತಾರತಮ್ಯ ಅನ್ನುವ ಪದ ಕಿವಿಗೆ ಬೈಗುಳದ ಹಾಗೆ ಕೇಳಿಸುತ್ತದೆ, ಅಲ್ವಾ? ಇಲ್ಲಿ ಅದಕ್ಕೆ ಅಷ್ಟು ಕೆಟ್ಟ ಅರ್ಥ ಇಲ್ಲ. ಖರ್ಚಿನ ವ್ಯತ್ಯಾಸ ಸಮರ್ಥಿಸದಷ್ಟು ಬೆಲೆಯ ವ್ಯತ್ಯಾಸ ಇದ್ದರೆ ಅದು ತಾರತಮ್ಯ, ಅಷ್ಟೇ. ದೂರದ ಊರಿಗೆ ಸಾಗಿಸುವ ಖರ್ಚು ಸೇರಿಸಿ ಅಲ್ಲಿ ಜಾಸ್ತಿ ಬೆಲೆ ಇಟ್ಟರೆ ಅದು ತಾರತಮ್ಯ ಅಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಯಾವ ದರ್ಜೆಗೆ ಕೈ ಹಾಕುವ ಮುಂಚೆಯೂ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಬೆಲೆ ಇಡುವ ಶಕ್ತಿ ನಿಮ್ಮ ಕೈಯಲ್ಲಿದೆಯೇ? ಥೇಟ್ ನಿಮ್ಮದರಂಥದ್ದೇ ಸರಕನ್ನು ಪಕ್ಕದವರು ಕಡಿಮೆಗೆ ಮಾರುತ್ತಿದ್ದರೆ, ನೀವು ಜಾಸ್ತಿ ಹೇಳಿದ ಗಿರಾಕಿ ಎದ್ದು ಅಲ್ಲಿಗೇ ಹೋಗುತ್ತಾನೆ. ಆಗ ಮೂರು ದರ್ಜೆಗಳಲ್ಲಿ ಒಂದೂ ನಡೆಯುವುದಿಲ್ಲ.

ಆ ಶಕ್ತಿ ಇದೆ ಅಂತಾದರೆ ಇನ್ನು ಮೂರು ಪ್ರಶ್ನೆ. ಗಿರಾಕಿ ಎಷ್ಟು ಕೊಡಬಲ್ಲ ಅಂತ ಮಾರುವ ಮುಂಚೆ ನಿಮಗೆ ಏನೇನು ಗೊತ್ತು? ಕಡಿಮೆ ಬೆಲೆಗೆ ಹೋದ ಸರಕು ಜಾಸ್ತಿ ಬೆಲೆ ಕೊಡಬೇಕಿದ್ದವರ ಕೈಗೆ ಸೋರಿ ಹೋಗುತ್ತದೆಯೇ? ಗಿರಾಕಿಗಳನ್ನು ಬೇರ್ಪಡಿಸುವ ಕೆಲಸಕ್ಕೇ ಎಷ್ಟು ಖರ್ಚು, ಎಷ್ಟು ಸಿಟ್ಟು?

ಒಂದೇ ಉದಾಹರಣೆಯನ್ನು ಮೂರಕ್ಕೂ ಹಿಡಿದು ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಗಿರಾಕಿಗಳು ನಾಲ್ಕೇ ಜನ ಅನ್ನೋಣ. ಹಣ ಯಾವ ದೇಶದ್ದಾದರೂ ಸರಿ, ಸುಮ್ನೆ ಅಂಕಿ ಹೇಳುತ್ತೇನೆ. ಪ್ರತಿಯೊಬ್ಬರೂ ಹೆಚ್ಚೆಂದರೆ ಎಷ್ಟು ಕೊಡಬಲ್ಲರು ಅನ್ನುವುದು ಈ ಪಟ್ಟಿಯಲ್ಲಿದೆ.

| ಗಿರಾಕಿ | ಪೂರ್ತಿ ಆವೃತ್ತಿಗೆ | ಬೇಸಿಕ್ ಆವೃತ್ತಿಗೆ |
|---|---|---|
| ಸ್ಟುಡಿಯೋದವರು | 120 | 60 |
| ಫ್ರೀಲಾನ್ಸರ್ | 80 | 45 |
| ಹಿರಿಯ ವಿದ್ಯಾರ್ಥಿ | 50 | 40 |
| ಹೊಸ ವಿದ್ಯಾರ್ಥಿ | 30 | 28 |

ಇನ್ನೊಂದು ಪ್ರತಿ ಡೌನ್‌ಲೋಡ್ ಆದರೆ ನಿಮಗೆ ಖರ್ಚಿಲ್ಲ. ಹಾಗಾಗಿ ಬಂದದ್ದೆಲ್ಲ ಲಾಭ. ಒಂದೇ ಬೆಲೆ ಇಡುವುದಾದರೆ 80 ಇಡುವುದೇ ಒಳ್ಳೆಯದು. ಇಬ್ಬರು ಕೊಳ್ಳುತ್ತಾರೆ, 160 ಬರುತ್ತದೆ. 50 ಇಟ್ಟರೆ ಮೂವರಿಂದ 150. 30 ಇಟ್ಟರೆ ನಾಲ್ವರಿಂದ 120. ಈ 160 ಅನ್ನು ನೆನಪಿಟ್ಟುಕೊಳ್ಳಿ. ಯಾವ ಕಸರತ್ತೂ ಮಾಡದೆ ಬರುವ ಹಣ ಅದು. ಯಾವ ದರ್ಜೆಯಾದರೂ ಇದನ್ನು ಮೀರಿಸದಿದ್ದರೆ ಅದರ ಸಹವಾಸ ಬೇಡ.

ಮೊದಲ ದರ್ಜೆ: ಒಬ್ಬೊಬ್ಬರಿಗೆ ಒಂದೊಂದು ಬೆಲೆ

ಕಾಗದದ ಮೇಲೆ ಈ ದರ್ಜೆಯನ್ನು ಮೀರಿಸುವುದು ಯಾವುದೂ ಇಲ್ಲ. ಸ್ಟುಡಿಯೋದವರಿಗೆ 120, ಫ್ರೀಲಾನ್ಸರ್‌ಗೆ 80, ವಿದ್ಯಾರ್ಥಿಗಳಿಗೆ 50 ಮತ್ತು 30. ಒಟ್ಟು 280. ಯಾರೂ ಬರಿಗೈಲಿ ಹೋಗಲಿಲ್ಲ. ಕೊಳ್ಳುವವರಿಗೆ ಸಿಗಬಹುದಿದ್ದ ಉಳಿತಾಯವೂ ಪೂರ್ತಿ ನಿಮ್ಮ ಜೇಬಿಗೆ ಬಂತು.

ಆದರೆ ಮೇಲಿನ ಪಟ್ಟಿ ನಿಮ್ಮ ಕೈಗೆ ಯಾರು ಕೊಡುತ್ತಾರೆ? 'ನಾನು 120ರ ತನಕ ಕೊಡಬಲ್ಲೆ' ಅಂತ ಯಾವ ಗಿರಾಕಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳುತ್ತೀರಿ ಅಂತ ಗೊತ್ತಾದ ದಿನದಿಂದ ಎಲ್ಲರೂ ಬಡವರಾಗುತ್ತಾರೆ. ಹಾಗಾಗಿ ಅಂದಾಜಿನ ಮೇಲೆ ನಡೆಯಬೇಕು. ಈ ಅಂದಾಜಿನಲ್ಲೇ ಒಂದು ಓರೆ ಇದೆ. ಫ್ರೀಲಾನ್ಸರ್‌ಗೆ 75 ಹೇಳಿದರೆ ನಿಮಗೆ ಹೋಗುವುದು 5. ಅದೇ 85 ಹೇಳಿದರೆ ಹೋಗುವುದು ಪೂರ್ತಿ 80, ಯಾಕೆಂದರೆ ಅವರು ಕೊಳ್ಳುವುದೇ ಇಲ್ಲ. ಕೆಳಗೆ ತಪ್ಪಿದರೆ ಚಿಲ್ಲರೆ ನಷ್ಟ, ಮೇಲೆ ತಪ್ಪಿದರೆ ಗಿರಾಕಿಯೇ ಇಲ್ಲ.

ಹೀಗಾಗಿ ತಲೆ ಇರುವ ಮಾರಾಟಗಾರ ತನ್ನ ಅಂದಾಜಿಗಿಂತ ಕೆಳಗೇ ಬೆಲೆ ಹೇಳುತ್ತಾನೆ. ಎಲ್ಲರಿಗೂ ಶೇಕಡಾ 20 ಇಳಿಸಿ ಹೇಳಿದಿರಿ ಅನ್ನಿ: 96, 64, 40, 24. ಒಟ್ಟು 224. ಆ 280 ಎಲ್ಲಿ ಹೋಯಿತು? ಮುಂದೆ ನೋಡುತ್ತೀರಿ, ಬರೀ ವಿದ್ಯಾರ್ಥಿ ಗುರುತಿನ ಚೀಟಿ ನೋಡಿದರೆ 220 ಬರುತ್ತದೆ. ಬಾಕಿ 4ರಲ್ಲಿ ನಾಲ್ಕು ಜನರ ಜೊತೆ ಚೌಕಾಸಿ ಮಾಡುವ ಸಂಬಳ ಹುಟ್ಟಬೇಕು. ಹುಟ್ಟುವುದಿಲ್ಲ.

ಹಾಗಾದರೆ ಮೊದಲ ದರ್ಜೆ ಎಲ್ಲಿ ನಡೆಯುತ್ತದೆ? ಗಿರಾಕಿಗಳು ಕೆಲವೇ ಜನ ಇದ್ದು, ಒಂದೊಂದು ವ್ಯವಹಾರವೂ ದೊಡ್ಡದಾಗಿದ್ದಾಗ. ದೊಡ್ಡ ಕಂಪನಿಗಳಿಗೆ ಮಾರುವ ಯಂತ್ರ, ಸಾಫ್ಟ್‌ವೇರ್ ಪರವಾನಗಿ, ಸಲಹೆಯ ಕೆಲಸ, ಇಲ್ಲೆಲ್ಲ ಬೆಲೆಪಟ್ಟಿ ಇರುವುದಿಲ್ಲ, 'ನಮ್ಮನ್ನು ಸಂಪರ್ಕಿಸಿ' ಅಂತ ಇರುತ್ತದೆ. ಮಾತಾಡುತ್ತಾ ಮಾತಾಡುತ್ತಾ ಅವರ ವಹಿವಾಟು ಎಷ್ಟು, ಎಷ್ಟು ಜನ ಬಳಸುತ್ತಾರೆ, ಈಗ ಇದೇ ಕೆಲಸಕ್ಕೆ ಎಷ್ಟು ಸುರಿಯುತ್ತಿದ್ದಾರೆ ಅಂತ ತಿಳಿಯುತ್ತದೆ. ಒಬ್ಬರಿಗೆ ಹೇಳಿದ ಬೆಲೆ ಇನ್ನೊಬ್ಬರ ಕಿವಿಗೆ ಬೀಳದಿರುವುದೂ ಮುಖ್ಯ. ಇಲ್ಲೂ ಪಕ್ಕಾ ಮೊದಲ ದರ್ಜೆ ಅಂತ ಇರುವುದಿಲ್ಲ, ಅದರ ಹತ್ತಿರ ಹತ್ತಿರ ಅಷ್ಟೇ.

ಆನ್‌ಲೈನ್‌ನಲ್ಲಿ ಗಿರಾಕಿಯ ಜಾಡು ಹಿಡಿದು ಯಂತ್ರದಿಂದಲೇ ಬೆಲೆ ಹೇಳಿಸುತ್ತೇನೆ ಅನ್ನುವವರಿಗೆ ಒಂದು ಮಾತು. 2000ದಲ್ಲಿ ಅಮೆಜಾನ್ ಒಂದೇ ಡಿವಿಡಿಗೆ ಬೇರೆ ಬೇರೆ ಜನರಿಗೆ ಬೇರೆ ಬೇರೆ ಬೆಲೆ ತೋರಿಸಿದ್ದು ಗಿರಾಕಿಗಳಿಗೆ ಗೊತ್ತಾಯಿತು. ಅದು ಸುಮ್ನೆ ಯಾದೃಚ್ಛಿಕ ಪರೀಕ್ಷೆ ಅಂತ ಕಂಪನಿ ಹೇಳಿತು. ಆದರೂ ಗಲಾಟೆ ಎಷ್ಟಾಯಿತೆಂದರೆ ಜಾಸ್ತಿ ಕೊಟ್ಟವರಿಗೆ ಹಣ ವಾಪಸ್ ಮಾಡಬೇಕಾಯಿತು. ಐರೋಪ್ಯ ಒಕ್ಕೂಟದಲ್ಲಂತೂ 2019ರ ನಿರ್ದೇಶನವೊಂದರ ಪ್ರಕಾರ, ಸ್ವಯಂಚಾಲಿತವಾಗಿ ಗಿರಾಕಿಗೆ ತಕ್ಕಂತೆ ಬೆಲೆ ಬದಲಿಸಿದ್ದರೆ ಅದನ್ನು ಗಿರಾಕಿಗೆ ತಿಳಿಸಲೇಬೇಕು. ಹೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ?

ಮೂರನೆಯ ದರ್ಜೆ: ಗುಂಪಿಗೊಂದು ಬೆಲೆ

ಎರಡನೆಯದನ್ನು ಬಿಟ್ಟು ಮೂರಕ್ಕೆ ಹಾರಿದ್ದು ಬೇಕೆಂದೇ. ಎರಡನೆಯದರಲ್ಲಿ ಹೇಳುವುದು ಜಾಸ್ತಿ ಇದೆ.

ಇಲ್ಲಿ ಒಬ್ಬೊಬ್ಬರ ಮನಸ್ಸು ಓದಬೇಕಿಲ್ಲ. ಹೊರಗೆ ಕಾಣುವ ಒಂದು ಗುರುತು ಸಾಕು: ವಿದ್ಯಾರ್ಥಿ, ಹಿರಿಯ ನಾಗರಿಕ, ಆ ದೇಶ, ಈ ದೇಶ. ನಮ್ಮ ಉದಾಹರಣೆಯಲ್ಲಿ ವೃತ್ತಿಯವರಿಗೆ 80, ವಿದ್ಯಾರ್ಥಿಗಳಿಗೆ 30. ಎರಡು 80, ಎರಡು 30, ಒಟ್ಟು 220. ಒಂದೇ ಬೆಲೆಯಿಂದ ಬರುತ್ತಿದ್ದ 160ಕ್ಕಿಂತ 60 ಜಾಸ್ತಿ. ಅದೂ ಯಾರ ಬೆಲೆಯನ್ನೂ ಏರಿಸದೆ. ಆಗ ಹೊರಗಿದ್ದ ಇಬ್ಬರು ವಿದ್ಯಾರ್ಥಿಗಳು ಈಗ ಒಳಗೆ ಬಂದರು, ಅಷ್ಟೇ. ಮೂರನೆಯ ದರ್ಜೆಯಿಂದ ಕೊಳ್ಳುವವರಿಗೂ ಒಳ್ಳೆಯದಾಗುವ ಸಂದರ್ಭ ಇದು. ಒಟ್ಟು ಮಾರಾಟ ಏರದೆ ಬರೀ ಒಬ್ಬರ ಬೆಲೆ ಏರಿ ಇನ್ನೊಬ್ಬರದು ಇಳಿದರೆ, ಸಮಾಜದ ಒಟ್ಟು ಲೆಕ್ಕದಲ್ಲಿ ಲಾಭ ಇಲ್ಲ. ಸಾಮಾನ್ಯವಾಗಿ ನಷ್ಟವೇ.

ಗುಂಪು ಮಾಡಿದರೆ ಸಾಲದು, ಗುಂಪುಗಳ ಸ್ವಭಾವವೂ ಬೇರೆ ಇರಬೇಕು. ಬೆಲೆ ಏರಿದಾಗ ಒಂದು ಗುಂಪಿನವರು ಬೇಗ ಬಿಟ್ಟು ಹೋಗಬೇಕು, ಇನ್ನೊಂದು ಗುಂಪಿನವರು ಅಂಟಿಕೊಂಡಿರಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅನ್ನುತ್ತಾರೆ. ಸೂತ್ರ ಚಿಕ್ಕದು:

```
(P − MC) / P = 1 / e
```

P ಬೆಲೆ, MC ಇನ್ನೊಂದು ಪ್ರತಿಗೆ ತಗಲುವ ಖರ್ಚು, e ಅಂದರೆ ಬೆಲೆ ಶೇಕಡಾ 1 ಏರಿದರೆ ಮಾರಾಟ ಶೇಕಡಾ ಎಷ್ಟು ಬೀಳುತ್ತದೆ ಅನ್ನುವುದು. ಖರ್ಚು 30 ಇರುವ ಸರಕು ತಗೊಳ್ಳಿ. ಒಂದು ಗುಂಪಿಗೆ e 2 ಇದ್ದರೆ ಬೆಲೆ 60, ಇನ್ನೊಂದು ಗುಂಪಿಗೆ 4 ಇದ್ದರೆ ಬೆಲೆ 40. ಎರಡು ಗುಂಪಿಗೂ e ಒಂದೇ ಇದ್ದರೆ? ಬೆಲೆಯೂ ಒಂದೇ ಬರುತ್ತದೆ. ಗುರುತಿನ ಚೀಟಿ ಕೇಳಿದ್ದಷ್ಟೇ ಬಂತು.

ಇನ್ನು ಸೋರಿಕೆ. ಫ್ರೀಲಾನ್ಸರ್ ಹೇಗೋ ಒಂದು ವಿದ್ಯಾರ್ಥಿ ಚೀಟಿ ಹೊಂದಿಸಿಕೊಂಡು 30ಕ್ಕೆ ತಗೊಂಡರು ಅನ್ನಿ. 220 ಇದ್ದದ್ದು 170 ಆಯಿತು. ಇನ್ನೂ ಪರವಾಗಿಲ್ಲ. ಸ್ಟುಡಿಯೋದವರೂ ಅದೇ ದಾರಿ ಹಿಡಿದರೆ 120. ಈಗ ನೀವು ಒಂದೇ ಬೆಲೆ ಇಟ್ಟಿದ್ದಾಗಿನ 160ಕ್ಕಿಂತಲೂ ಕೆಳಗಿದ್ದೀರಿ. ಸೋರಿಕೆ ಸ್ವಲ್ಪ ಇದ್ದರೆ ತಡೆದುಕೊಳ್ಳಬಹುದು, ಅಭ್ಯಾಸ ಆಯಿತೆಂದರೆ ಇಡೀ ಏರ್ಪಾಡೇ ತಲೆಕೆಳಗು.

ಕೈಗೆ ಸಿಗುವ, ಬಾಳಿಕೆ ಬರುವ, ಹಗುರ ಸರಕಿಗೆ ಈ ಅಪಾಯ ಜಾಸ್ತಿ. ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಏಷ್ಯಾದಲ್ಲಿ ಕಡಿಮೆ ಬೆಲೆಗೆ, ಅಮೆರಿಕದಲ್ಲಿ ಜಾಸ್ತಿ ಬೆಲೆಗೆ ಮಾರುವ ರೂಢಿ ಇತ್ತು. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಹೋದ ವಿದ್ಯಾರ್ಥಿಯೊಬ್ಬ ಮನೆಯವರಿಂದ ಅಲ್ಲಿನ ಪುಸ್ತಕ ತರಿಸಿ ಅಮೆರಿಕದಲ್ಲಿ ಮಾರಿದ. ಪ್ರಕಾಶಕರು ಕೋರ್ಟಿಗೆ ಹೋದರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿದ್ಯಾರ್ಥಿಯ ಪರವಾಗಿ ತೀರ್ಪು ಕೊಟ್ಟಿತು: ಹೊರದೇಶದಲ್ಲಿ ಕಾನೂನುಬದ್ಧವಾಗಿ ಅಚ್ಚಾದ ಪ್ರತಿಯನ್ನು ಕೊಂಡವರು ಮತ್ತೆ ಮಾರಬಹುದು. ಎರಡು ದೇಶದ ನಡುವಿನ ಗೋಡೆ ಅಲ್ಲಿಗೆ ಬಿತ್ತು. ಅದೇ ಕ್ಷೌರ, ವೈದ್ಯರ ತಪಾಸಣೆ, ರೈಲಿನ ಪ್ರಯಾಣ ಇಂಥವುಗಳನ್ನು ಕೊಂಡವರೇ ಅನುಭವಿಸಬೇಕು, ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಸೇವೆ ಮಾರುವವರಿಗೆ ಮೂರನೆಯ ದರ್ಜೆ ಸಲೀಸಾಗಿ ಒಗ್ಗುವುದು ಅದಕ್ಕೇ.

ಗುರುತನ್ನು ಆರಿಸುವಾಗ ಕಾನೂನನ್ನೂ ನೋಡಿ. ವಯಸ್ಸಿನ ಮೇಲೆ ಕೊಡುವ ರಿಯಾಯಿತಿಗೆ ಜನ ತಲೆದೂಗುತ್ತಾರೆ. ಜನಾಂಗ, ಧರ್ಮದ ಮೇಲೆ ಬೆಲೆ ಇಟ್ಟರೆ ಅದು ನಿಜವಾದ ಅರ್ಥದಲ್ಲೇ ತಾರತಮ್ಯ. ಇನ್ನೊಂದು ಸಣ್ಣ ಜಾಣ್ಮೆ: 80 ಅನ್ನು ಬೆಲೆ ಅಂತ ಹೇಳಿ 30 ಅನ್ನು ರಿಯಾಯಿತಿ ಅಂತ ಕರೆಯಿರಿ. 30 ಅನ್ನು ಬೆಲೆ ಅಂತ ಹೇಳಿ ವೃತ್ತಿಯವರಿಗೆ 50 ಹೆಚ್ಚುವರಿ ಅಂದರೆ ಅಂಕಿ ಅದೇ ಆದರೂ ಜಗಳ ಗ್ಯಾರಂಟಿ.

ಎರಡನೆಯ ದರ್ಜೆ: ಅವರೇ ಆರಿಸಿಕೊಳ್ಳಲಿ

ಗಿರಾಕಿಗಳಲ್ಲಿ ಎರಡು ಮೂರು ಬಗೆ ಇದ್ದಾರೆ ಅಂತ ಗೊತ್ತು. ಆದರೆ ಎದುರಿಗಿರುವವರು ಯಾವ ಬಗೆ ಅಂತ ಗೊತ್ತಿಲ್ಲ, ಹೊರಗೆ ಕಾಣುವ ಗುರುತೂ ಇಲ್ಲ. ಆಗ ಬರುವುದು ಎರಡನೆಯ ದರ್ಜೆ. ಎಲ್ಲರ ಮುಂದೂ ಒಂದೇ ಪಟ್ಟಿ ಇಡುತ್ತೀರಿ. ಜಾಸ್ತಿ ಕೊಂಡರೆ ಕಡಿಮೆ ದರ ಅನ್ನುವ ಸಗಟು ರಿಯಾಯಿತಿ ಇದೇ ಜಾತಿಯದು. ಬೇಸಿಕ್, ಪೂರ್ತಿ ಅನ್ನುವ ಆವೃತ್ತಿಗಳೂ ಇದೇ. ಯಾರಿಗೂ ಬಾಗಿಲು ಮುಚ್ಚಿಲ್ಲವಾದ್ದರಿಂದ ಸಿಟ್ಟು ಕಡಿಮೆ. ಚೀಟಿ ನೋಡುವ ಖರ್ಚೂ ಇಲ್ಲ. ಬೇರ್ಪಡಿಸುವ ಕೆಲಸವನ್ನು ಗಿರಾಕಿಯೇ ಮಾಡಿಕೊಡುತ್ತಾನೆ.

ಆದರೆ ಅದಕ್ಕೆ ಅವನು ಕೂಲಿ ಕೇಳುತ್ತಾನೆ. ಪಟ್ಟಿಗೆ ವಾಪಸ್ ಹೋಗೋಣ. ಮೊದಲ ಸಲ ಆವೃತ್ತಿ ಮಾಡುವವರು ಹೀಗೆ ಲೆಕ್ಕ ಹಾಕುತ್ತಾರೆ: ಪೂರ್ತಿ ಆವೃತ್ತಿ 80ಕ್ಕೆ ಹೇಗೂ ಇಬ್ಬರು ತಗೊಳ್ಳುತ್ತಾರೆ, ಬೇಸಿಕ್ ಅನ್ನು 40ಕ್ಕೆ ಬಿಟ್ಟರೆ ಹಿರಿಯ ವಿದ್ಯಾರ್ಥಿಯೂ ಬರುತ್ತಾರೆ, 160ಕ್ಕೆ 40 ಸೇರಿ 200. ಆಗುವುದೇ ಬೇರೆ. ಫ್ರೀಲಾನ್ಸರ್‌ಗೆ ಪೂರ್ತಿ ಆವೃತ್ತಿಯ ಬೆಲೆ 80, ನೀವು ಕೇಳುವುದೂ 80. ಅವರಿಗೆ ಉಳಿಯುವುದು ಸೊನ್ನೆ. ಬೇಸಿಕ್ ಅವರಿಗೆ 45ರಷ್ಟು ಉಪಯೋಗ, ನೀವು ಕೇಳುವುದು 40. ಅಲ್ಲಿ 5 ಉಳಿಯುತ್ತದೆ. ಅವರು ಕೆಳಗಿಳಿದು ಬೇಸಿಕ್ ತಗೊಳ್ಳುತ್ತಾರೆ. ಈಗ ಬಂದದ್ದು 80, 40, 40. ಒಟ್ಟು 160! ಹೊಸ ಆವೃತ್ತಿ ಮಾಡಿ, ಹೊಸ ಗಿರಾಕಿಯನ್ನು ತಂದು, ಒಂದು ಪೈಸೆಯೂ ಜಾಸ್ತಿ ಆಗಲಿಲ್ಲ. ಮಾರಾಟವಾದ ಪ್ರತಿಗಳನ್ನಷ್ಟೇ ಎಣಿಸುವವರಿಗೆ ಇದು ಕಾಣಿಸುವುದೂ ಇಲ್ಲ. ಎರಡು ಇದ್ದದ್ದು ಮೂರಾಯಿತಲ್ಲ ಅಂತ ಖುಷಿ ಪಡುತ್ತಾರೆ.

ರಿಪೇರಿ ಏನು? ಫ್ರೀಲಾನ್ಸರ್‌ಗೆ ಬೇಸಿಕ್‌ನಲ್ಲಿ ಉಳಿಯುವ ಆ 5 ಅನ್ನು ಪೂರ್ತಿ ಆವೃತ್ತಿಯಲ್ಲೂ ಉಳಿಸಿಕೊಡಬೇಕು. ಅಂದರೆ ಪೂರ್ತಿ ಆವೃತ್ತಿ 75. ಆಗ 75, 75, 40, ಒಟ್ಟು 190. ಎರಡೂ ಸಮಸಮ ಆದಾಗ ಮನಸ್ಸು ಆ ಕಡೆ ಈ ಕಡೆ ಹೊರಳಬಹುದು. ಹಾಗಾಗಿ ನಾನಾದರೆ 74 ಇಡುತ್ತೇನೆ. ಬಿಟ್ಟುಕೊಟ್ಟ ಈ ಮೊತ್ತಕ್ಕೆ ಮಾಹಿತಿಯ ಬಾಡಿಗೆ ಅನ್ನುತ್ತಾರೆ. ಅವರು ಯಾರು ಅಂತ ನಿಮಗೆ ಗೊತ್ತಿಲ್ಲದಿರುವುದಕ್ಕೆ ನೀವು ತೆರುವ ಬಾಡಿಗೆ ಅದು. ಸ್ಟುಡಿಯೋದವರಿಗೂ ಅದೇ ಬೆಲೆ ಸಿಗುತ್ತದೆ ನೋಡಿ, ಬಾಡಿಗೆ ಎರಡು ಕಡೆ ಕಟ್ಟಿದಂತಾಯಿತು.

ಹೊಸ ವಿದ್ಯಾರ್ಥಿ ಇನ್ನೂ ಹೊರಗೇ ಇದ್ದಾರೆ. ಅವರಿಗೋಸ್ಕರ ಬೇಸಿಕ್ ಅನ್ನು 28ಕ್ಕೆ ಇಳಿಸಿದರೆ ಫ್ರೀಲಾನ್ಸರ್‌ಗೆ ಅಲ್ಲಿ 17 ಉಳಿಯುತ್ತದೆ. ಪೂರ್ತಿ ಆವೃತ್ತಿ 63ಕ್ಕೆ ಇಳಿಯಬೇಕು. ಒಟ್ಟು 182. ನಷ್ಟ. ಹೀಗೆ ಕೆಳಗಿನವರನ್ನು ಬಿಟ್ಟುಬಿಡುವುದೇ ಮಾರುವವರಿಗೆ ಲಾಭ ಅನ್ನುವುದು ಎರಡನೆಯ ದರ್ಜೆಯ ಕಹಿ ಮುಖ.

ಇನ್ನೊಂದು ದಾರಿ ಇದೆ, ಪೂರ್ತಿ ಆವೃತ್ತಿಯ ಬೆಲೆ ಇಳಿಸದೆ ಬೇಸಿಕ್ ಅನ್ನೇ ಬದಲಿಸುವುದು. ಬೇಸಿಕ್‌ನಿಂದ ಏನು ತೆಗೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಒಂದೇ ಸಲ ನೂರಾರು ಫೋಟೋ ತಿದ್ದುವ ಸೌಲಭ್ಯ ವಿದ್ಯಾರ್ಥಿಗೆ ಬೇಕಿಲ್ಲ. ಕೆಲಸದ ಮೇಲೆ ಬದುಕುವವರಿಗೆ ಅದಿಲ್ಲದೆ ಆಗುವುದಿಲ್ಲ. ಅದನ್ನು ತೆಗೆದಾಗ ವಿದ್ಯಾರ್ಥಿಗಳ ಲೆಕ್ಕ 40, 28 ಹಾಗೇ ಉಳಿದು, ಫ್ರೀಲಾನ್ಸರ್‌ಗೆ ಬೇಸಿಕ್‌ನ ಉಪಯೋಗ 25ಕ್ಕೆ, ಸ್ಟುಡಿಯೋದವರಿಗೆ 40ಕ್ಕೆ ಇಳಿಯಿತು ಅನ್ನಿ. ಈಗ ಬೇಸಿಕ್ 28, ಪೂರ್ತಿ 80 ಇಡಬಹುದು. ಫ್ರೀಲಾನ್ಸರ್ 25ರ ಉಪಯೋಗಕ್ಕೆ 28 ಕೊಡುವುದಿಲ್ಲ, ಮೇಲೇ ಉಳಿಯುತ್ತಾರೆ. ಒಟ್ಟು 216. ಯಾರ ಗುರುತನ್ನೂ ಕೇಳದೆ ಮೂರನೆಯ ದರ್ಜೆಯ 220ರ ಹತ್ತಿರ ಬಂದಿರಿ. ಅದರ ಬದಲು ಕಲಿಯುವವರಿಗೇ ಬೇಕಾದ ಪಾಠ, ಮಾರ್ಗದರ್ಶಿಗಳನ್ನು ಕಿತ್ತಿದ್ದರೆ ವಿದ್ಯಾರ್ಥಿಯೂ ಹೋಗುತ್ತಿದ್ದ, ಫ್ರೀಲಾನ್ಸರೂ ಇಳಿಯುತ್ತಿದ್ದರು.

ಇದೇನು ಹೊಸ ಉಪಾಯ ಅಲ್ಲ. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪುಯಿ 1849ರಲ್ಲೇ ಇದನ್ನು ರೈಲಿನಲ್ಲಿ ಗುರುತಿಸಿದ್ದರು. ಮೂರನೇ ಕ್ಲಾಸಿನ ಡಬ್ಬಿಗೆ ಚಾವಣಿ ಹಾಕದಿರುವುದು ಖರ್ಚು ಉಳಿಸಲು ಅಲ್ಲ, ಎರಡನೇ ಕ್ಲಾಸಿಗೆ ಕೊಡಬಲ್ಲವರು ಕೆಳಗಿಳಿಯದಿರಲಿ ಅಂತ. (ಮೂರನೇ ಕ್ಲಾಸಿನ ಡಬ್ಬಿ ಎರಡನೆಯ ದರ್ಜೆಯ ತಾರತಮ್ಯಕ್ಕೆ ಉದಾಹರಣೆ. ಪರೀಕ್ಷೆಯಲ್ಲಿ ಇದನ್ನು ಗಲಿಬಿಲಿ ಮಾಡಿಕೊಳ್ಳಬೇಡಿ.) 1990ರಲ್ಲಿ ಐಬಿಎಂ ತನ್ನ ಲೇಸರ್ ಪ್ರಿಂಟರಿನ ಅಗ್ಗದ ಮಾದರಿಯೊಂದನ್ನು ತಂದಿತು. ದುಬಾರಿ ಮಾದರಿ ನಿಮಿಷಕ್ಕೆ 10 ಹಾಳೆ ಮುದ್ರಿಸಿದರೆ ಇದು 5. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ, ನಡುನಡುವೆ ಸುಮ್ಮನೆ ಕಾಯಿಸಲು ಒಂದು ಚಿಪ್ ಸೇರಿಸಿದ್ದರು. ಅಗ್ಗದ್ದನ್ನು ನಿಧಾನ ಮಾಡಲು ಒಂದು ಭಾಗ ಜಾಸ್ತಿ ಹಾಕಿದಂತಾಯಿತು! ಕಚೇರಿಯವರಿಗೆ ವೇಗ ಬೇಕು, ಮನೆಯಲ್ಲಿ ಎರಡು ಹಾಳೆ ಮುದ್ರಿಸುವವರಿಗೆ ಬೇಡ. ಕತ್ತರಿ ಸರಿಯಾದ ಜಾಗಕ್ಕೆ ಬಿದ್ದಿತ್ತು.

ನಿಮ್ಮ ಆಯ್ಕೆ

ಗಿರಾಕಿಗಳು ಬೆರಳೆಣಿಕೆಯಷ್ಟಿದ್ದು ಒಬ್ಬೊಬ್ಬರೂ ದೊಡ್ಡ ಮೊತ್ತ ಕೊಡುವವರಾದರೆ, ಮಾತಾಡಲು ಒಬ್ಬರನ್ನು ಇಟ್ಟುಕೊಂಡು ಮೊದಲ ದರ್ಜೆಯ ಹತ್ತಿರ ಹೋಗಿ. ಗಿರಾಕಿಗಳು ಸಾವಿರಾರು ಇದ್ದು, ಬಡವ ಬಲ್ಲಿದರನ್ನು ಬೇರ್ಪಡಿಸುವ ಗುರುತು ಕಣ್ಣಿಗೆ ಕಾಣುವಂತಿದ್ದು, ಸರಕು ಕೈಬದಲಾಗದಂಥದ್ದಾದರೆ ಮೂರನೆಯದು ಅಗ್ಗ, ಸರಳ. ನಾನು ಮೊದಲು ನೋಡುವುದು ಇದನ್ನೇ. ಗುರುತು ಇಲ್ಲ, ಇದ್ದರೂ ಸುಲಭವಾಗಿ ನಕಲು ಮಾಡಬಹುದು ಅಂತಾದರೆ ಎರಡನೆಯದಕ್ಕೆ ಬನ್ನಿ. ಆದರೆ ಮೇಲಿನವರಿಗೆ ಬೇಕಾದ, ಕೆಳಗಿನವರಿಗೆ ಬೇಡವಾದ ಒಂದು ಗುಣ ನಿಮ್ಮ ಸರಕಿನಲ್ಲಿ ಸಿಗಬೇಕು. ಸಿಗದಿದ್ದರೆ ಒಂದೇ ಬೆಲೆಯಲ್ಲೇ ಇರಿ. ಎರಡನ್ನು ಬೆರೆಸಲೂ ಬಹುದು. ವೃತ್ತಿಯವರಿಗೆ ಎರಡು ಆವೃತ್ತಿ, ವಿದ್ಯಾರ್ಥಿಗಳಿಗೆ ಚೀಟಿ ತೋರಿಸಿದರೆ ರಿಯಾಯಿತಿ ಅಂತ ಮಾಡುವವರು ಬಹಳ ಮಂದಿ.

ಶುರು ಮಾಡಿದ ಮೇಲೆ ಒಟ್ಟು ಮಾರಾಟ ನೋಡುತ್ತಾ ಕೂರಬೇಡಿ. ಬೇಸಿಕ್ ಕೊಂಡವರಲ್ಲಿ ಮುಂಚೆ ಪೂರ್ತಿ ಆವೃತ್ತಿ ಇಟ್ಟುಕೊಂಡಿದ್ದವರು ಎಷ್ಟು, ಹೊಸಬರು ಎಷ್ಟು ಅಂತ ಬೇರೆ ಬೇರೆ ಎಣಿಸಿ. 80 ಮತ್ತು 40ರ ಬೆಲೆಯಲ್ಲಿ ಒಬ್ಬ ಹೊಸಬ 40 ತರುತ್ತಾನೆ, ಕೆಳಗಿಳಿದ ಒಬ್ಬ ಹಳಬ 40 ಒಯ್ಯುತ್ತಾನೆ. ಇಬ್ಬರು ಹೊಸಬರಿಗೆ ಒಬ್ಬ ಹಳಬ ಇಳಿದರೆ ಸರಿ. ಒಬ್ಬರಿಗೆ ಒಬ್ಬರು ಅಂತಾದ ತಿಂಗಳೇ ಪಟ್ಟಿಯನ್ನು ಮತ್ತೆ ತೆರೆಯಿರಿ.